ಹೈಬ್ರಿಡ್ ಮತ್ತು ಮನೆಯಿಂದ ಕೆಲಸದ ನೀತಿ ಬರೆಯುವುದು: ಮಧ್ಯಮ ಗಾತ್ರದ ಕಂಪನಿಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸೇವಾ ಕಂಪನಿ ಎಂದುಕೊಳ್ಳಿ. ಒಟ್ಟು 320 ಜನ. ಅವರಲ್ಲಿ 30 ಮಂದಿ ದಿನವೂ ಕಚೇರಿಗೆ ಬರಲೇಬೇಕಾದವರು, 240 ಮಂದಿ ಹೈಬ್ರಿಡ್, ಉಳಿದ 50 ಮಂದಿ ಮೈಸೂರು, ಹುಬ್ಬಳ್ಳಿ, ಕೊಯಮತ್ತೂರಿನಂಥ ಊರುಗಳಲ್ಲಿದ್ದು ಪೂರ್ತಿ ಮನೆಯಿಂದಲೇ ಕೆಲಸ ಮಾಡುವವರು. ದಿನವೂ ಬರುವವರ ಜಾಗ ಬಿಟ್ಟರೆ ಹೈಬ್ರಿಡ್‌ನವರಿಗೆ ಉಳಿದಿರುವುದು 150 ಸೀಟು. ಇಷ್ಟು ದೊಡ್ಡ ಕಂಪನಿಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಬಲ್ಲ ಮಾಲೀಕರೂ ಇರುವುದಿಲ್ಲ, ಪ್ರತಿ ತಕರಾರು ನೋಡಿಕೊಳ್ಳಲು ಬೇರೆ ಬೇರೆ ವಿಭಾಗಗಳೂ ಇರುವುದಿಲ್ಲ. ಎಚ್‌ಆರ್‌ನಲ್ಲಿರುವ ನಾಲ್ಕೈದು ಜನ ಕಾಗದ ನೋಡಿ ಉತ್ತರ ಹೇಳಬೇಕು. ಆದ್ದರಿಂದ ನೀತಿಯ ಪ್ರತಿ ವಾಕ್ಯವೂ ಅವರು ಓದಿ ಉತ್ತರ ಹೇಳುವಂತಿರಬೇಕು.

ಬರೆಯಲು ಕೂರುವ ಮೊದಲು ಕೈಯಲ್ಲಿ ಏನಿರಬೇಕು?

ನಾಲ್ಕು ಕಾಗದಗಳು. ಮೊದಲನೆಯದು ಹುದ್ದೆಗಳ ಪಟ್ಟಿ. ಜನರ ಹೆಸರಿನ ಪಟ್ಟಿಯಲ್ಲ, ಹುದ್ದೆಗಳದ್ದು. ಎರಡನೆಯದು ಗ್ರಾಹಕರ ಜತೆಗಿನ ಒಪ್ಪಂದಗಳಲ್ಲಿ ಕೆಲಸದ ಸ್ಥಳದ ಬಗ್ಗೆ ಏನು ಬರೆದಿದೆ ಎಂಬ ಟಿಪ್ಪಣಿ. ಮೂರನೆಯದು ಹಿಂದಿನ ಎಂಟು ವಾರಗಳ ಸ್ವೈಪ್ ದಾಖಲೆ, ಯಾವ ವಾರದ ಯಾವ ದಿನ ಎಷ್ಟು ಜನ ಬಂದರು ಎಂದು ತಿಳಿಯಲು. ನಾಲ್ಕನೆಯದು ಈವರೆಗೆ ಕೊಟ್ಟ ನೇಮಕಾತಿ ಪತ್ರಗಳಲ್ಲಿ ಕೆಲಸದ ಸ್ಥಳ ಎಂಬಲ್ಲಿ ಏನಿದೆ ಎಂಬುದು.

ಎಲ್ಲರೂ ಬಿಟ್ಟುಬಿಡುವುದು ಎರಡನೆಯದನ್ನು. ನೀತಿ ಹೊರಬಿದ್ದು, ತಂಡ ಎರಡು ದಿನ ಮನೆಯಲ್ಲಿ ಕೂತು ಕೆಲಸ ಶುರು ಮಾಡಿದ ಮೇಲೆ, ಗ್ರಾಹಕರ ಆಡಿಟ್‌ನವರು ಬಂದು, ನಮ್ಮ ಕೆಲಸ ಬೀಗ ಹಾಕಿದ ಪ್ರತ್ಯೇಕ ಕೊಠಡಿಯಲ್ಲೇ ನಡೆಯಬೇಕೆಂದು ಒಪ್ಪಂದದಲ್ಲಿದೆಯಲ್ಲ ಎಂದು ಕೇಳುತ್ತಾರೆ. ಆಗ ಕೊಟ್ಟ ಸೌಲಭ್ಯವನ್ನು ಕಿತ್ತುಕೊಳ್ಳಬೇಕಾಗುತ್ತದೆ. ಅದಕ್ಕೇ ನೀತಿಯ ಮೊದಲ ಪುಟದಲ್ಲೇ ಒಂದು ವಾಕ್ಯ ಇರಲಿ: "ಗ್ರಾಹಕರ ಒಪ್ಪಂದವು ಕೆಲಸದ ಸ್ಥಳವನ್ನು ನಿಗದಿಪಡಿಸಿದ್ದರೆ, ಆ ಯೋಜನೆಯಲ್ಲಿ ಇರುವಷ್ಟು ದಿನ ಅದೇ ಅನ್ವಯಿಸುತ್ತದೆ. ಯೋಜನೆಗೆ ಸೇರಿಸುವ ಮೊದಲೇ ಮ್ಯಾನೇಜರ್ ಇದನ್ನು ಉದ್ಯೋಗಿಗೆ ಬರಹದಲ್ಲಿ ತಿಳಿಸಬೇಕು."

ಕಚೇರಿ ವಿಶೇಷ ಆರ್ಥಿಕ ವಲಯದಲ್ಲಿದ್ದರೆ ಐದನೆಯ ಕಾಗದವೂ ಬೇಕು. ಅಲ್ಲಿನ ಘಟಕಗಳ ಉದ್ಯೋಗಿಗಳು ಮನೆಯಿಂದ ಕೆಲಸ ಮಾಡುವುದಕ್ಕೂ, ತೆರಿಗೆ ವಿನಾಯಿತಿಯಲ್ಲಿ ತಂದ ಲ್ಯಾಪ್‌ಟಾಪ್ ಹೊರಗೆ ಒಯ್ಯುವುದಕ್ಕೂ ವಿಶೇಷ ಆರ್ಥಿಕ ವಲಯ ನಿಯಮಗಳ 43ಎ ನಿಯಮವಿದೆ. ನೀತಿಯ ಕರಡನ್ನು ಅದರ ಪಕ್ಕದಲ್ಲಿಟ್ಟು ಓದಿ.

ಯಾರಿಗೆ ಹೈಬ್ರಿಡ್, ಯಾರಿಗೆ ಇಲ್ಲ ಎಂದು ಹೇಗೆ ತೀರ್ಮಾನಿಸುವುದು?

ಹುದ್ದೆಯ ದರ್ಜೆಯಿಂದಲ್ಲ, ಕೆಲಸದಿಂದ. ಪ್ರತಿ ಹುದ್ದೆಯ ಮುಂದೆ ಮೂರು ಪ್ರಶ್ನೆ ಕೇಳಿ. ಕಚೇರಿಯಿಂದ ಕದಲಿಸಲಾಗದ ಯಂತ್ರವನ್ನೋ ಕಾಗದವನ್ನೋ ದಿನವೂ ಮುಟ್ಟಬೇಕೆ? ಎದುರಿಗೆ ಬಂದು ನಿಂತವರಿಗೆ ಆಗಿಂದಾಗಲೇ ಸೇವೆ ಕೊಡಬೇಕೆ? ಒಪ್ಪಂದವೋ ಕಾನೂನೋ ಸ್ಥಳವನ್ನು ಕಟ್ಟಿಹಾಕಿದೆಯೆ? ಮೂರಕ್ಕೂ "ಇಲ್ಲ" ಎಂದು ಬಂದರೆ ಆ ಹುದ್ದೆ ಹೈಬ್ರಿಡ್‌ಗೆ ಅರ್ಹ. ಒಂದಕ್ಕೆ "ಹೌದು" ಎಂದು ಬಂದರೂ ಯಾವುದಕ್ಕೆ ಎಂಬುದನ್ನು ಪಟ್ಟಿಯಲ್ಲೇ ಬರೆದಿಡಿ. ನಮ್ಮ ಉದಾಹರಣೆಯ 30 ಮಂದಿಯಲ್ಲಿ ಸ್ವಾಗತ ಕೌಂಟರ್, ಕಟ್ಟಡ ನಿರ್ವಹಣೆ, ಲ್ಯಾಪ್‌ಟಾಪ್ ರಿಪೇರಿ ಮಾಡುವ ಐಟಿ ಸಿಬ್ಬಂದಿ, ಹಾರ್ಡ್‌ವೇರ್ ಪರೀಕ್ಷೆಯವರು ಬರುತ್ತಾರೆ.

ಅಕೌಂಟ್ಸ್‌ನಂಥ ಕಡೆ ಹುದ್ದೆಯನ್ನು ಇಡಿಯಾಗಿ ನೋಡಿದರೆ ತಪ್ಪಾಗುತ್ತದೆ. ಚೆಕ್ಕಿಗೆ ಸಹಿ, ಮೂಲ ಬಿಲ್ಲುಗಳ ಪರಿಶೀಲನೆ ತಿಂಗಳಲ್ಲಿ ಕೆಲವೇ ದಿನದ ಕೆಲಸ. ಅಷ್ಟಕ್ಕೆ ಇಡೀ ವಿಭಾಗವನ್ನು ಕಾಯಂ ಕಚೇರಿ ಪಟ್ಟಿಗೆ ಹಾಕಿದರೆ ಅಲ್ಲಿಂದ ಒಬ್ಬೊಬ್ಬರೇ ಬಿಟ್ಟು ಹೋಗುತ್ತಾರೆ. "ತಿಂಗಳ ಕೊನೆಯ ಮೂರು ಮತ್ತು ಮೊದಲ ಎರಡು ಕೆಲಸದ ದಿನ ಕಚೇರಿ, ಉಳಿದಂತೆ ಹೈಬ್ರಿಡ್" ಎಂದು ಬರೆಯಬಹುದು.

ಹುದ್ದೆಗಳ ಪಟ್ಟಿಯನ್ನು ನೀತಿಯ ಒಡಲಿನಲ್ಲಿ ಇಡಬೇಡಿ, ಅನುಬಂಧವಾಗಿ ಇಡಿ. ಪಟ್ಟಿ ಬದಲಾದಾಗಲೆಲ್ಲ ಇಡೀ ನೀತಿಗೆ ಮತ್ತೆ ಸಹಿ ಮಾಡಿಸುವ ಕೆಲಸ ತಪ್ಪುತ್ತದೆ.

"ವಾರಕ್ಕೆ ಮೂರು ದಿನ ಕಚೇರಿ" ಎಂದು ಬರೆದರೆ ಸಾಲದೆ?

ಸಾಲದು. ಹೆಚ್ಚಿನ ಜಗಳ ಹುಟ್ಟುವುದು ಈ ನಾಲ್ಕು ಪದಗಳಿಂದಲೇ. ಆಯುಧಪೂಜೆ, ವಿಜಯದಶಮಿ ಒಂದೇ ವಾರದಲ್ಲಿ ಬಂದು ಮೂರೇ ಕೆಲಸದ ದಿನ ಉಳಿದರೆ, ಆ ಮೂರೂ ದಿನ ಬರಬೇಕೆ? ಸೋಮವಾರ, ಮಂಗಳವಾರ ಜ್ವರದಿಂದ ರಜೆ ಹಾಕಿದವರು ಉಳಿದ ಮೂರೂ ದಿನ ಬಂದು ಲೆಕ್ಕ ತುಂಬಬೇಕೆ? ಗ್ರಾಹಕರ ಕಚೇರಿಯಲ್ಲಿ ಇಡೀ ದಿನ ಕೂತು ಬಂದದ್ದು ಯಾವ ಲೆಕ್ಕ? ನೀತಿ ಸುಮ್ಮನಿದ್ದರೆ ಒಬ್ಬ ಮ್ಯಾನೇಜರ್ "ಪರವಾಗಿಲ್ಲ ಬಿಡಿ" ಎನ್ನುತ್ತಾರೆ, ಪಕ್ಕದ ತಂಡದ ಮ್ಯಾನೇಜರ್ ಬರಲೇಬೇಕು ಎನ್ನುತ್ತಾರೆ. ಎರಡು ತಂಡದವರೂ ಊಟಕ್ಕೆ ಒಂದೇ ಮೇಜಿಗೆ ಕೂರುವವರು.

ಕೈಗೆ ಸಿಗುವ ಸರಳ ದಾರಿಯೆಂದರೆ ವಾರದ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಹಿಡಿಯುವುದು, ರಜೆ ಕಳೆದು ಉಳಿದ ದಿನಗಳಲ್ಲಿ ಐದಕ್ಕೆ ಮೂರರಂತೆ ಕೇಳುವುದು, ಭಿನ್ನಾಂಶ ಬಂದರೆ ಕೆಳಕ್ಕೆ ಇಳಿಸುವುದು. ಹಾಳೆಯಲ್ಲಿ B ಕಾಲಂನಲ್ಲಿ ಆ ತಿಂಗಳ ಕೆಲಸದ ದಿನ, C ಕಾಲಂನಲ್ಲಿ ಉದ್ಯೋಗಿ ಪಡೆದ ರಜೆ ಇದ್ದರೆ ಸೂತ್ರ ಇಷ್ಟೇ:

```
=ROUNDDOWN((B2-C2)*3/5,0)
```

ಸಾರ್ವಜನಿಕ ರಜೆಗಳನ್ನು ಕಳೆದು 22 ಕೆಲಸದ ದಿನಗಳಿರುವ ತಿಂಗಳಲ್ಲಿ ಯಾರೋ ಎರಡು ದಿನ ರಜೆ ಹಾಕಿದರು ಎಂದುಕೊಳ್ಳಿ. ಉಳಿದದ್ದು 20, ಬರಬೇಕಾದದ್ದು 12. ಅವರೇ ನಾಲ್ಕು ದಿನ ರಜೆ ಹಾಕಿದ್ದರೆ 18 ದಿನಕ್ಕೆ 10.8, ಅಂದರೆ 10. ಹಬ್ಬದ ವಾರ, ಜ್ವರದ ವಾರ, ಎರಡೂ ತಾವಾಗಿಯೇ ಲೆಕ್ಕದೊಳಗೆ ಕರಗಿಹೋಗುತ್ತವೆ. ಯಾರೂ ಯಾರನ್ನೂ ವಿನಾಯಿತಿ ಕೇಳಬೇಕಾಗಿಲ್ಲ.

ಜತೆಗೆ ಎರಡು ವ್ಯಾಖ್ಯೆ ಬರೆದಿಡಿ. ಕಂಪನಿ ಕಳಿಸಿದ ಗ್ರಾಹಕರ ಭೇಟಿ, ತರಬೇತಿ, ಪ್ರವಾಸದ ದಿನ ಕಚೇರಿ ದಿನವೇ. ಬಂದ್, ಭಾರಿ ಮಳೆ, ರಸ್ತೆ ಕಾಮಗಾರಿಯಂಥ ಕಾರಣಕ್ಕೆ ಕಂಪನಿಯೇ ಎಲ್ಲರಿಗೂ ಮನೆಯಿಂದ ಕೆಲಸ ಮಾಡಿ ಎಂದ ದಿನವನ್ನು ಒಟ್ಟು ಕೆಲಸದ ದಿನದಿಂದಲೇ ಕಳೆಯಬೇಕು. ಈ ಎರಡನೆಯದು ಅಪರೂಪದ ಮಾತೇನಲ್ಲ. ಮೆಟ್ರೊ ಕಾಮಗಾರಿಯ ಕಾರಣಕ್ಕೆ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳು 2022ರ ಡಿಸೆಂಬರ್‌ವರೆಗೆ ಮನೆಯಿಂದಲೇ ಕೆಲಸ ಮಾಡಿಸಲಿ ಎಂದು 2021ರಲ್ಲಿ ರಾಜ್ಯ ಸರ್ಕಾರವೇ ಸಲಹೆ ಕೊಟ್ಟಿತ್ತು. ಇಂಥ ಸೂಚನೆ ಹೊರಡಿಸುವ ಅಧಿಕಾರ ಯಾರದು, ಎಷ್ಟು ಗಂಟೆಯೊಳಗೆ ಸಂದೇಶ ಬರಬೇಕು ಎಂಬುದೂ ಇರಲಿ. ಬೆಳಿಗ್ಗೆ 7ಕ್ಕೆ ಮುಂಚೆ ಬಾರದ ಸಂದೇಶದಿಂದ ಪ್ರಯೋಜನವಿಲ್ಲ, ದೂರದವರು ಅಷ್ಟು ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ.

ಸ್ವೈಪ್ ಮಾಡಿ, ಕಾಫಿ ಕುಡಿದು ಹೊರಡುವವರನ್ನು ಏನು ಮಾಡುವುದು?

ಮೊದಲು ಅವರು ಯಾಕೆ ಹೊರಡುತ್ತಾರೆ ನೋಡಿ. ತಂಡದ ಬೇರೆ ಯಾರೂ ಆ ದಿನ ಬಂದಿರದಿದ್ದರೆ, ಎರಡು ಗಂಟೆ ಟ್ರಾಫಿಕ್‌ನಲ್ಲಿ ಬಂದು ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಮೀಟಿಂಗ್‌ನಲ್ಲಿ ಕೂರುವುದರಲ್ಲಿ ಅರ್ಥ ಕಾಣದೆ ಎದ್ದು ಹೋಗುತ್ತಾರೆ. ಇದು ಶಿಸ್ತಿನ ವಿಷಯವಲ್ಲ, ತಂಡದ ದಿನಗಳು ಹೊಂದಿಲ್ಲ ಎಂಬುದರ ಗುರುತು.

ಕಚೇರಿ ದಿನ ಎಂದರೆ 11ರಿಂದ 4ರವರೆಗೆ ಕಚೇರಿಯಲ್ಲಿ ಇರುವುದು ಎಂದು ಬರೆಯಿರಿ. ಬೆಳಗಿನ, ಸಂಜೆಯ ಟ್ರಾಫಿಕ್ ತಪ್ಪಿಸಲು ಎರಡೂ ಬದಿ ಬಿಡುವು ಸಿಗುತ್ತದೆ, ಕೂಡಿ ಮಾಡುವ ಕೆಲಸಕ್ಕೆ ಐದು ಗಂಟೆಯೂ ಸಿಗುತ್ತದೆ. ಉಳಿದ ಕೆಲಸ ಮನೆಯಿಂದ ಮುಗಿಸಲಿ.

ಸ್ವೈಪ್ ದಾಖಲೆಯನ್ನೇ ಕೊನೆಯ ಮಾತಾಗಿ ಇಟ್ಟುಕೊಳ್ಳಬೇಡಿ. ಮುಂದಿನವರು ತೆರೆದ ಬಾಗಿಲಿನಲ್ಲಿ ಹಿಂದೆಯೇ ಒಳಬಂದವರ ಹೆಸರು ಅದರಲ್ಲಿ ಇರುವುದಿಲ್ಲ. ಹೊರಹೋಗುವಾಗ ಸ್ವೈಪ್ ಬೇಡದ ಕಟ್ಟಡಗಳಲ್ಲಿ ಎಷ್ಟು ಹೊತ್ತು ಇದ್ದರು ಎಂಬುದೇ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ದಾಖಲೆ ಕಾಣುವಂತಿರಲಿ. ತಪ್ಪಿದ್ದರೆ 7 ದಿನದೊಳಗೆ ಮ್ಯಾನೇಜರ್ ಒಪ್ಪಿಗೆಯೊಂದಿಗೆ ತಿದ್ದಿಸಿಕೊಳ್ಳಲು ದಾರಿ ಇರಲಿ. ಒಂದು ತಿಂಗಳು ಲೆಕ್ಕ ತಪ್ಪಿದರೆ ಮಾತುಕತೆ, ಸತತ ಎರಡು ತಿಂಗಳು ತಪ್ಪಿದರೆ ಲಿಖಿತ ಸೂಚನೆ, ಮೂರಾದರೆ ಹೈಬ್ರಿಡ್ ಸೌಲಭ್ಯದ ಮರುಪರಿಶೀಲನೆ. ಕಚೇರಿಗೆ ಕಡಿಮೆ ಬಂದರೆಂದು ಸಂಬಳ ಕಡಿಯುವ ಸಾಲನ್ನು ಬರೆಯಲೇಬೇಡಿ. ಅವರು ಆ ದಿನ ಮನೆಯಿಂದ ಕೆಲಸ ಮಾಡಿದ್ದಾರೆ. ಮಾಡಿದ ಕೆಲಸದ ಸಂಬಳ ಹಿಡಿದರೆ ಕಂಪನಿಯೇ ಕಾನೂನಿನ ಎದುರು ನಿಲ್ಲಬೇಕಾಗುತ್ತದೆ.

240 ಜನಕ್ಕೆ 150 ಸೀಟು ಸಾಕೆ?

ಸರಾಸರಿ ನೋಡಿದರೆ ಸಾಕು ಅನ್ನಿಸುತ್ತದೆ. 240 ಜನ ವಾರಕ್ಕೆ ಮೂರು ದಿನ ಬಂದರೆ ದಿನಕ್ಕೆ 144. ಆದರೆ ಸರಾಸರಿಯ ದಿನ ಎಂಬುದೊಂದು ಇಲ್ಲ. ಆಯ್ಕೆಯನ್ನು ಜನರಿಗೇ ಬಿಟ್ಟರೆ ಸೋಮವಾರ, ಶುಕ್ರವಾರ ಖಾಲಿ, ನಡುವಿನ ಮೂರು ದಿನ ತುಂಬಿ ತುಳುಕುತ್ತದೆ. ಬುಧವಾರ 240ರಲ್ಲಿ 200 ಮಂದಿ ಬಂದರೆ 50 ಮಂದಿಗೆ ಕೂರಲು ಜಾಗವಿಲ್ಲ. ಅವರು ಕ್ಯಾಂಟೀನಿನಲ್ಲಿ ಕೂತು ಕೆಲಸ ಮಾಡಿ, ಮುಂದಿನ ವಾರ ಬರುವುದೇ ಬಿಡುತ್ತಾರೆ.

ಇದನ್ನು ಬಿಡಿಸುವ ಬಗೆ ಹೀಗೆ. 240 ಜನರನ್ನು ಒಟ್ಟಿಗೆ ಕೆಲಸ ಮಾಡುವ ತಂಡಗಳು ಒಡೆಯದಂತೆ 120ರ ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ಸೋಮ, ಮಂಗಳ ನಿಗದಿ ದಿನ. ಎರಡನೆಯದಕ್ಕೆ ಬುಧ, ಗುರು. ಮೂರನೆಯ ದಿನ ಅವರವರ ಆಯ್ಕೆ. ರಜೆ, ಪ್ರವಾಸಕ್ಕೆಂದು ನೂರಕ್ಕೆ ಹತ್ತು ಕಳೆದರೆ ನಿಗದಿ ದಿನ ಬರುವವರು 108. ಈಗ ಆಯ್ಕೆಯ ದಿನ ನೋಡಿ. ಎರಡನೆಯ ಗುಂಪಿನ ಅರ್ಧ ಜನ ಮಂಗಳವಾರವನ್ನೇ ಆರಿಸಿಕೊಂಡರೆ 60, ಹತ್ತು ಶೇಕಡಾ ಕಳೆದರೆ 54. ಒಟ್ಟು 162 ಜನ, 12 ಸೀಟು ಕಡಿಮೆ.

ಹಾಗಾಗಿ ಆಯ್ಕೆಯ ದಿನಕ್ಕೆ ಸೀಟು ಕಾಯ್ದಿರಿಸುವ ಪದ್ಧತಿ ಇಟ್ಟು, ಸೋಮದಿಂದ ಗುರುವಾರದವರೆಗೆ ದಿನಕ್ಕೆ 40 ಮಾತ್ರ ಎಂದು ಮಿತಿ ಹಾಕಿ. 108ಕ್ಕೆ 40 ಸೇರಿದರೆ 148, ಸೀಟಿನೊಳಗೇ ಬಂತು. ಶುಕ್ರವಾರ ಯಾರ ನಿಗದಿ ದಿನವೂ ಅಲ್ಲವಾದ್ದರಿಂದ 150 ಸೀಟೂ ಆಯ್ಕೆಯವರಿಗೆ. ನಿಗದಿ ದಿನ ಒಬ್ಬರೂ ರಜೆ ಹಾಕದೆ 120 ಮಂದಿಯೂ ಬಂದರೆ ಒಟ್ಟು 160 ಆಗುತ್ತದೆ. ವರ್ಷದಲ್ಲಿ ಅಂಥ ದಿನ ಬೆರಳೆಣಿಕೆಯವು. ಹತ್ತು ಜನಕ್ಕೆ ಆ ದಿನ ಮೀಟಿಂಗ್ ಕೊಠಡಿ ಬಿಟ್ಟುಕೊಡಬಹುದು.

ಕಾಯ್ದಿರಿಸಿ ಬಾರದೆ ಇರುವವರಿಂದ ಈ ಲೆಕ್ಕ ಕೆಡುತ್ತದೆ. ಬೆಳಿಗ್ಗೆ 11ರೊಳಗೆ ಬಾರದವರ ಸೀಟು ತಾನಾಗಿ ಬಿಡುಗಡೆಯಾಗುವಂತೆ ಮಾಡಿ. ಹಾಗೆಯೇ ಸೀಟು ಸಿಗದ ಕಾರಣಕ್ಕೆ ಮನೆಯಿಂದ ಕೆಲಸ ಮಾಡಿದ ದಿನ ಉದ್ಯೋಗಿಯ ಲೆಕ್ಕಕ್ಕೆ ಕಚೇರಿ ದಿನವಾಗಿಯೇ ಸೇರಬೇಕು. ಜಾಗ ಕೊಡಲಾರದ ತಪ್ಪು ಕಂಪನಿಯದು.

ಮ್ಯಾನೇಜರ್‌ಗಳ ವಿವೇಚನೆಗೆ ಎಷ್ಟು ಬಿಡಬೇಕು?

ದಿನಗಳನ್ನು ಅದಲುಬದಲು ಮಾಡುವಷ್ಟು ಬಿಡಿ, ದಿನಗಳ ಸಂಖ್ಯೆ ಬದಲಿಸುವಷ್ಟು ಬೇಡ. ಈ ವಾರ ಮಂಗಳವಾರದ ಬದಲು ಶುಕ್ರವಾರ ಬರುತ್ತೇನೆ ಎಂದರೆ ಮ್ಯಾನೇಜರ್ ಒಪ್ಪಬಹುದು. ಮೂರು ತಿಂಗಳು ಬರುವುದೇ ಇಲ್ಲ ಎಂದರೆ ಅರ್ಜಿ ಎಚ್‌ಆರ್‌ಗೆ ಹೋಗಬೇಕು.

ಅರ್ಜಿಗೆ ಒಂದು ಪುಟ ಸಾಕು: ಕಾರಣ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಲ್ಲಿಂದ ಕೆಲಸ. 10 ಕೆಲಸದ ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಇಲ್ಲ ಎಂದರೆ ಕಾರಣ ಬರೆಯಬೇಕು. ಯಾವ ವಿನಾಯಿತಿಯೂ ಕೊನೆಯ ತಾರೀಖು ಇಲ್ಲದೆ ಇರಬಾರದು. ಆರು ತಿಂಗಳಿಗೆ ಮುಗಿದು, ಬೇಕಿದ್ದರೆ ಮತ್ತೆ ಕೇಳುವಂತಿರಲಿ. ತಾರೀಖಿಲ್ಲದ ವಿನಾಯಿತಿಗಳು ಕೂಡುತ್ತಾ ಹೋದರೆ, ಯಾರಿಗೆ ಯಾವ ಕಾರಣಕ್ಕೆ ಕೊಟ್ಟದ್ದು ಎಂಬುದೇ ಎರಡು ವರ್ಷಕ್ಕೆ ಮರೆತುಹೋಗುತ್ತದೆ.

ಹೆರಿಗೆ ರಜೆ ಮುಗಿಸಿ ಬರುವವರ ವಿಷಯ ಬರಿಯ ವಿನಾಯಿತಿಯಲ್ಲ. ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಇಬ್ಬರೂ ಒಪ್ಪಿದ ಅವಧಿಗೆ, ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಕೊಡಬಹುದೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತು. ನಿಮ್ಮ ನೀತಿಯಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಇರಲಿ. ಈ ಕೋರಿಕೆ ಮ್ಯಾನೇಜರ್‌ನ ಒಪ್ಪಿಗೆ ಕಾಯದೆ ನೇರ ಎಚ್‌ಆರ್‌ಗೆ ಹೋಗಲಿ.

ಮನೆಯಿಂದ ಕೆಲಸ ಮಾಡುವವರಿಗೆ ಕೆಲಸದ ಹೊತ್ತಿನ ಮಿತಿ ಇದೆಯೆ?

ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದನ್ನು ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. ಆಡಳಿತದ ಸ್ಥಾನದಲ್ಲಿರುವವರು ಇದರಿಂದ ಹೊರಗೆ. ಮನೆಯಲ್ಲಿ ಕೂತ ಮಾತ್ರಕ್ಕೆ ಉಳಿದವರು ಹೊರಗೆ ಬೀಳುವುದಿಲ್ಲ.

ನೀತಿಯಲ್ಲಿ ಇದು ಎಡವುವುದು "ಹೊಂದಿಕೊಳ್ಳುವ ಸಮಯ" ಎಂಬ ಮಾತಿನಲ್ಲಿ. ಬೆಳಿಗ್ಗೆ 9ಕ್ಕೆ ಮೊದಲ ಕಾಲ್, ರಾತ್ರಿ 9.30ಕ್ಕೆ ಅಮೆರಿಕದ ಗ್ರಾಹಕರ ಕಾಲ್, ನಡುವೆ ಯಾರೂ ಬಿಡುವು ಗುರುತಿಸಿಲ್ಲ. ಹೊಂದಿಕೊಂಡದ್ದು ಉದ್ಯೋಗಿ ಮಾತ್ರ. ಇದಕ್ಕೆ ಎರಡು ಸಾಲು ಸಾಕು. ಒಂದು, ರಾತ್ರಿ 9ರ ನಂತರದ ನಿಗದಿತ ಕಾಲ್ ಇದ್ದ ದಿನ ಅಷ್ಟೇ ಹೊತ್ತು ಅದೇ ದಿನ ಅಥವಾ ಮರುದಿನ ಬೆಳಿಗ್ಗೆ ಕಳೆಯಬೇಕು. ಎರಡು, ಸಂಪರ್ಕದ ಹೊತ್ತು ಇಂತಿಷ್ಟು ಎಂದು ತಂಡದ ಕ್ಯಾಲೆಂಡರ್‌ನಲ್ಲಿ ಹಾಕಬೇಕು, ಅದರಾಚೆ ಬಂದ ಸಂದೇಶಕ್ಕೆ ಉತ್ತರ ಕೊಡಲಿಲ್ಲವೆಂದು ಮೌಲ್ಯಮಾಪನದಲ್ಲಿ ಬರೆಯುವಂತಿಲ್ಲ.

ಕರೆಂಟ್ ಅಥವಾ ಇಂಟರ್ನೆಟ್ ಹೋದರೆ ಆ ದಿನ ರಜೆಯೆ?

ಅಲ್ಲ. ಮೊದಲ ಎರಡು ಗಂಟೆ ಕೆಲಸದ ಹೊತ್ತೇ, ಮ್ಯಾನೇಜರ್‌ಗೆ ಒಂದು ಸಂದೇಶ ಹಾಕಿದರೆ ಸಾಕು. ಅದನ್ನು ಮೀರಿದರೆ ಕಚೇರಿಗೆ ಬರುವುದು, ಬೇರೆ ಕಡೆಯಿಂದ ಕೆಲಸ ಮುಂದುವರಿಸುವುದು ಅಥವಾ ಅರ್ಧ ದಿನ ರಜೆ, ಈ ಮೂರರಲ್ಲಿ ಒಂದು. ಮುಂಚೆಯೇ ಪ್ರಕಟವಾದ ವಿದ್ಯುತ್ ನಿಲುಗಡೆಯ ದಿನ ಕಚೇರಿಗೆ ಬರುವುದೇ ಸರಿ. ರೂಟರ್‌ಗೆ ಹಾಕುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಅನ್ನು ಕಂಪನಿಯೇ ಕೊಟ್ಟರೆ ಈ ತಕರಾರಿನ ಬಹುಪಾಲು ಇಲ್ಲವಾಗುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದೇ ಇರುತ್ತದೆ, ಮೊದಲು ಆರಿಹೋಗುವುದು ರೂಟರ್.

ಇಂಟರ್ನೆಟ್ ಮತ್ತು ಕುರ್ಚಿಯ ಖರ್ಚು ಹೇಗೆ ಕೊಡುವುದು?

ಎಲ್ಲರಿಗೂ ತಿಂಗಳಿಗೆ ₹1,500 ಭತ್ಯೆ ಎಂದು ಸಂಬಳದಲ್ಲಿ ಸೇರಿಸಿಬಿಡುವುದು ಸುಲಭ. ಆದರೆ ಹಾಗೆ ಕೊಟ್ಟದ್ದು ಸಂಬಳವೇ ಆಗಿ ಅದರ ಮೇಲೆ ಆದಾಯ ತೆರಿಗೆ ಬೀಳುತ್ತದೆ. ಭವಿಷ್ಯನಿಧಿಯದೂ ಒಂದು ತೊಡಕಿದೆ. ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಭತ್ಯೆ ಭವಿಷ್ಯನಿಧಿಯ ಲೆಕ್ಕಕ್ಕೆ ಮೂಲ ವೇತನದ ಜತೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಬಿಲ್ಲು ತೋರಿಸಿ, ಮಿತಿಯೊಳಗೆ, ಕಚೇರಿ ಕೆಲಸದ ಖರ್ಚೆಂದು ಮರುಪಾವತಿ ಪಡೆಯುವ ಪದ್ಧತಿಯೇ ಒಳ್ಳೆಯದು. ಬಿಲ್ಲು ಉದ್ಯೋಗಿಯ ಹೆಸರಿನಲ್ಲೇ ಇರಬೇಕೆಂದು ಹಟ ಹಿಡಿಯಬೇಡಿ. ಸಂಪರ್ಕ ಅಪ್ಪನದೋ ಮನೆ ಮಾಲೀಕರದೋ ಹೆಸರಿನಲ್ಲಿರುತ್ತದೆ. ವಿಳಾಸ ಹೊಂದಿದರೆ ಸಾಕು.

ಕುರ್ಚಿ, ಮಾನಿಟರ್ ಕಂಪನಿಯ ಸ್ವತ್ತಾಗಿಯೇ ಮನೆಗೆ ಹೋಗಲಿ, ಸ್ವತ್ತಿನ ಪಟ್ಟಿಯಲ್ಲಿ ಸಂಖ್ಯೆ ಸಮೇತ ದಾಖಲಾಗಲಿ. ಕೆಲಸ ಬಿಟ್ಟವರಿಂದ ವಾಪಸ್ ತರಿಸುವ ಸಾಗಣೆ ಖರ್ಚು ಕಂಪನಿಯದು ಎಂದು ಈಗಲೇ ಬರೆಯಿರಿ. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿರುವವರ ಅಂತಿಮ ಲೆಕ್ಕ ಒಂದು ಕುರ್ಚಿಯ ದೆಸೆಯಿಂದ ತಿಂಗಳುಗಟ್ಟಲೆ ನಿಂತಿರುತ್ತದೆ.

ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದರೆ?

ಶಿರಸಿಗೋ ಹಾಸನಕ್ಕೋ ಹೋಗಿ ಎರಡು ವಾರ ಕೆಲಸ ಮಾಡುವುದಕ್ಕೆ ಅಡ್ಡಿಯಿಲ್ಲ. ವರ್ಷಕ್ಕೆ 15 ಕೆಲಸದ ದಿನ ಎಂದು ಇಡಬಹುದು. ಅಷ್ಟು ದಿನವನ್ನೂ ತಿಂಗಳ ಸೂತ್ರದಲ್ಲಿ ರಜೆಯ ಕಾಲಂಗೇ ಹಾಕಿ, ಕಚೇರಿ ಲೆಕ್ಕ ತಾನಾಗಿ ಇಳಿಯುತ್ತದೆ.

ಬೇರೆ ರಾಜ್ಯಕ್ಕೆ ಕಾಯಂ ಹೋಗುವುದು ಬೇರೆ ಮಾತು. ವೃತ್ತಿ ತೆರಿಗೆ ರಾಜ್ಯದ್ದು, ಅಂಗಡಿ ಕಾಯ್ದೆಯೂ ರಾಜ್ಯದ್ದೇ. ಕರ್ನಾಟಕದಲ್ಲಿ ತಿಂಗಳಿಗೆ ₹25,000 ಅಥವಾ ಹೆಚ್ಚು ಸಂಬಳದವರಿಗೆ ₹200, ಫೆಬ್ರವರಿಯಲ್ಲಿ ₹300, ಹೀಗೆ ವರ್ಷಕ್ಕೆ ₹2,500. ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ. ಕೊಯಮತ್ತೂರಿನ ಉದ್ಯೋಗಿಗೆ ಬೆಂಗಳೂರಿನ ಲೆಕ್ಕವನ್ನೇ ಹಿಡಿದರೆ ಪೇಸ್ಲಿಪ್ ತಪ್ಪಾಗುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು "ಮೂಲ ಕೆಲಸದ ಸ್ಥಳ" ಇರಬೇಕು. ಅದನ್ನು ಬದಲಿಸಲು 30 ದಿನ ಮುಂಚೆ ಅರ್ಜಿ ಹಾಕಬೇಕು, ಹೊಸ ಸ್ಥಳ ಪತ್ರದಲ್ಲಿ ದಾಖಲಾಗಬೇಕು.

ವಿದೇಶದಿಂದ ಕೆಲಸಕ್ಕೆ ಪೂರ್ವಾನುಮತಿಯಿಲ್ಲದೆ ಅವಕಾಶವಿಲ್ಲ ಎಂದೇ ಬರೆಯಿರಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋದ ತಾಯಿ ಅಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ವೀಸಾದ ಪ್ರಶ್ನೆ ಏಳುತ್ತದೆ. ಹೆಚ್ಚು ದಿನವಾದರೆ ಆ ದೇಶದ ತೆರಿಗೆಯ ಪ್ರಶ್ನೆಯೂ ಏಳುತ್ತದೆ, ಅದು ಕಂಪನಿಯನ್ನೂ ಸುತ್ತಿಕೊಳ್ಳಬಹುದು.

ಲ್ಯಾಪ್‌ಟಾಪ್ ಕಳೆದುಹೋದರೆ?

ಗೊತ್ತಾದ ಒಂದು ಗಂಟೆಯೊಳಗೆ ಐಟಿ ಸಹಾಯವಾಣಿಗೆ ಫೋನ್ ಮಾಡಬೇಕು, ಅದು ರಾತ್ರಿಯೇ ಆಗಿರಲಿ. ಒಂದು ಗಂಟೆ ಏಕೆಂದರೆ, ದತ್ತಾಂಶ ಸೋರಿಕೆಯಂಥ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ಉದ್ಯೋಗಿ ಮರುದಿನ ಬೆಳಿಗ್ಗೆ ಹೇಳಿದರೆ ಕಂಪನಿಯ ಕೈಗೆ ಹೊತ್ತೇ ಉಳಿದಿರುವುದಿಲ್ಲ. ಬೇಗ ಹೇಳಿದವರಿಗೆ ಲ್ಯಾಪ್‌ಟಾಪ್‌ನ ಬೆಲೆ ಹಾಕುವುದಿಲ್ಲ ಎಂಬುದನ್ನೂ ಅದೇ ಸಾಲಿನ ಪಕ್ಕ ಬರೆಯಿರಿ. ದಂಡಕ್ಕೆ ಹೆದರಿ ಎರಡು ದಿನ ತಾವೇ ಹುಡುಕಾಡಿ ಆಮೇಲೆ ಹೇಳುವವರಿಂದ ಆಗುವ ನಷ್ಟಕ್ಕೆ ಹೋಲಿಸಿದರೆ ಲ್ಯಾಪ್‌ಟಾಪ್‌ನ ಬೆಲೆ ಏನೂ ಅಲ್ಲ.

ಲೈಂಗಿಕ ಕಿರುಕುಳ ತಡೆ ಕಾನೂನು ಮನೆಗೂ ಅನ್ವಯಿಸುತ್ತದೆಯೆ?

ಅನ್ವಯಿಸುತ್ತದೆ. 2013ರ ಕಾಯ್ದೆ "ಕೆಲಸದ ಸ್ಥಳ"ದ ವ್ಯಾಖ್ಯೆಯಲ್ಲಿ ವಾಸದ ಮನೆಯನ್ನೂ ಸೇರಿಸಿದೆ. ವಿಡಿಯೊ ಕಾಲ್, ಚಾಟ್, ರಾತ್ರಿಯ ಸಂದೇಶ ಇವೆಲ್ಲವನ್ನೂ ಹೆಸರು ಹಿಡಿದು ನೀತಿಯಲ್ಲಿ ಬರೆಯಿರಿ. ದೂರದ ಊರಿನ 50 ಮಂದಿ ಯಾವ ಕಚೇರಿಯ ಆಂತರಿಕ ಸಮಿತಿಗೆ ದೂರು ಕೊಡಬೇಕೆಂಬುದೂ ಸ್ಪಷ್ಟವಿರಬೇಕು. ದೂರಿಗೆ ಇರುವ ಅವಧಿ ಸಾಮಾನ್ಯವಾಗಿ ಮೂರು ತಿಂಗಳು. ಎಲ್ಲಿ ಕೊಡಬೇಕೆಂದು ಹುಡುಕುವುದರಲ್ಲಿ ಅದು ಕಳೆದುಹೋಗಬಾರದು. ಚಾಟ್ ಸಂದೇಶಗಳು 30 ದಿನಕ್ಕೆ ತಾನಾಗಿ ಅಳಿಸಿಹೋಗುವ ಏರ್ಪಾಡಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ದೂರು ಬರುವ ಹೊತ್ತಿಗೆ ಸಾಕ್ಷ್ಯವೇ ಉಳಿದಿರುವುದಿಲ್ಲ.

ಮುಂದೆ ನೀತಿ ಬದಲಿಸಬೇಕಾದರೆ?

ಬದಲಿಸುವ ಹಕ್ಕು ಕಂಪನಿಗೆ ಇದೆ ಎಂಬ ಒಂದು ಸಾಲಿನಿಂದ ಎಲ್ಲವೂ ಮುಗಿಯುವುದಿಲ್ಲ. ಮೊದಲು 1947ರ ಕೈಗಾರಿಕಾ ವಿವಾದ ಕಾಯ್ದೆ, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಎರಡರಲ್ಲೂ ಒಂದು ಮಾತಿದೆ: ಕೆಲಸದ ಹೊತ್ತು, ರೂಢಿಯಲ್ಲಿದ್ದ ಸೌಲಭ್ಯದಂಥವನ್ನು ಬದಲಿಸುವ ಮೊದಲು ಕಾರ್ಮಿಕರೆಂಬ ವ್ಯಾಖ್ಯೆಯೊಳಗೆ ಬರುವವರಿಗೆ 21 ದಿನದ ನೋಟಿಸ್ ಕೊಡಬೇಕು. ಎಲ್ಲರಿಗೂ 60 ದಿನ ಎಂದು ಇಟ್ಟುಕೊಂಡರೆ ಯಾರು ಆ ವ್ಯಾಖ್ಯೆಯೊಳಗೆ, ಯಾರು ಹೊರಗೆ ಎಂಬ ವಾದವೇ ಏಳುವುದಿಲ್ಲ. ಮನೆ, ಮಕ್ಕಳ ಶಾಲೆ ಹೊಂದಿಸಿಕೊಳ್ಳಲು ಜನಕ್ಕೂ ಅಷ್ಟು ಹೊತ್ತು ಬೇಕು.

ನೇಮಕಾತಿ ಪತ್ರದಲ್ಲೇ "ಕೆಲಸದ ಸ್ಥಳ: ಹುಬ್ಬಳ್ಳಿ, ಮನೆಯಿಂದ" ಎಂದಿರುವವರನ್ನು ನೀತಿಯ ತಿದ್ದುಪಡಿಯಿಂದ ಬೆಂಗಳೂರಿಗೆ ಕರೆಯಲಾಗದು. ಅವರ ಪತ್ರದಲ್ಲಿ ವರ್ಗಾವಣೆಯ ಷರತ್ತು ಇದೆಯೆ ನೋಡಬೇಕು, ಇಲ್ಲದಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ನಾಲ್ಕನೆಯ ಕಾಗದ ಬೇಕು ಎಂದದ್ದು ಇದಕ್ಕೇ.

ಕರಡು ಸಿದ್ಧವಾಯಿತು. ಸರಿಯಿದೆಯೆ ಎಂದು ತಿಳಿಯುವುದು ಹೇಗೆ?

ಹತ್ತು ಕಷ್ಟದ ಪ್ರಸಂಗ ಬರೆದು, ಕರಡು ಬರೆಯದ ಇಬ್ಬರ ಕೈಗೆ ಬೇರೆ ಬೇರೆಯಾಗಿ ಕೊಡಿ. ಒಬ್ಬರು ಎಚ್‌ಆರ್‌ನ ಕಿರಿಯರು, ಇನ್ನೊಬ್ಬರು ಯಾವುದಾದರೂ ತಂಡದ ಮ್ಯಾನೇಜರ್ ಆಗಿರಲಿ. ಇಬ್ಬರೂ ಕರಡನ್ನು ಮಾತ್ರ ನೋಡಿ ಉತ್ತರ ಬರೆಯಲಿ. ಉತ್ತರ ಬೇರೆಯಾದ ಕಡೆ ವಾಕ್ಯ ತಿದ್ದಬೇಕು, ಅವರಿಗೆ ವಿವರಿಸಿ ಹೇಳಿದರೆ ಸಾಲದು.

ಪ್ರಸಂಗಗಳು ಹೀಗಿರಲಿ. ತಿಂಗಳ ಮಧ್ಯೆ, 12ನೇ ತಾರೀಖು ಸೇರಿದವರು ಆ ತಿಂಗಳು ಎಷ್ಟು ದಿನ ಬರಬೇಕು? ಕಾಲು ಮುರಿದವರು ವೈದ್ಯರ ಪತ್ರ ತಂದು ಆರು ವಾರ ಮನೆಯಿಂದ ಕೆಲಸ ಕೇಳಿದ್ದಾರೆ, ಹತ್ತು ದಿನದ ಉತ್ತರಕ್ಕೆ ಕಾಯಬೇಕೆ? ಒಬ್ಬರು ಮೊದಲ ಗುಂಪಿನ ತಂಡದಿಂದ ಎರಡನೆಯ ಗುಂಪಿನ ತಂಡಕ್ಕೆ ಬುಧವಾರ ವರ್ಗವಾದರು, ಆ ವಾರ ಅವರ ನಿಗದಿ ದಿನ ಯಾವುದು? ನೋಟಿಸ್ ಅವಧಿಯಲ್ಲಿರುವವರು ಊರಿನಿಂದ ಕೆಲಸದ 15 ದಿನವನ್ನೂ ಒಟ್ಟಿಗೆ ಕೇಳಿದರೆ?

ಮೊದಲ ಸುತ್ತಿನಲ್ಲಿ ಹತ್ತಕ್ಕೆ ನಾಲ್ಕೈದು ಉತ್ತರ ಹೊಂದದಿದ್ದರೆ ಗಾಬರಿಯಾಗಬೇಡಿ. ಮೇಲಿನ ನಾಲ್ಕರಲ್ಲಿ ಮೊದಲನೆಯದು ಈಗಿರುವ ಸೂತ್ರದಿಂದಲೇ ಬಗೆಹರಿಯುತ್ತದೆ, B ಕಾಲಂನಲ್ಲಿ ಸೇರಿದ ದಿನದಿಂದ ಉಳಿದ ಕೆಲಸದ ದಿನಗಳನ್ನು ಹಾಕಿದರಾಯಿತು. ಎರಡನೆಯದಕ್ಕೆ ಒಂದು ಸಾಲು ಸೇರಿಸಬೇಕು: ವೈದ್ಯರ ಪತ್ರವಿದ್ದರೆ ಅರ್ಜಿ ಕೊಟ್ಟ ದಿನದಿಂದಲೇ ವಿನಾಯಿತಿ ಜಾರಿ. ಮೂರನೆಯದಕ್ಕೆ ಹೊಸ ಗುಂಪಿನ ದಿನ ಮುಂದಿನ ಸೋಮವಾರದಿಂದ ಎಂದು ಬರೆಯಿರಿ. ನಾಲ್ಕನೆಯದನ್ನು ಮಾತ್ರ ಕಂಪನಿಯ ಮುಖ್ಯಸ್ಥರ ಮುಂದಿಟ್ಟು ನಿರ್ಧಾರ ಕೇಳಬೇಕು. ಕೆಲಸ ಹಸ್ತಾಂತರಕ್ಕೆ ಎದುರಾಎದುರು ಕೂರುವುದು ಎಷ್ಟು ಅಗತ್ಯ ಎಂಬುದು ಆ ಕಂಪನಿಯ ಕೆಲಸದ ಮೇಲೆ ನಿಂತಿದೆ. ಇಬ್ಬರ ಉತ್ತರವೂ ಹತ್ತಕ್ಕೆ ಒಂಬತ್ತಾದರೂ ಹೊಂದಿದ ಮೇಲೆ ಸಹಿಗೆ ಕಳಿಸಿ, ಜಾರಿಯ ತಾರೀಖನ್ನು ತಿಂಗಳ 1ಕ್ಕೇ ಇಡಿ, ಮೊದಲ ತಿಂಗಳ ಲೆಕ್ಕ ಅರ್ಧದಲ್ಲಿ ಶುರುವಾಗುವುದು ಬೇಡ.